ಒಟಿಪಿ ತಡವಾಯಿತೇ? `Resend OTP` ಗುಂಡಿ ಬಿಟ್ಟು ಗಡಿಯಾರ ನೋಡಿ

ದೊಡ್ಡಪ್ಪನ ಮನೆ ತೀರ್ಥಹಳ್ಳಿ ಕಡೆ, ತೋಟದ ನಡುವೆ. ಸಿಗ್ನಲ್ ಬೇಕೆಂದರೆ ಅಂಗಳಕ್ಕೆ ಬರಬೇಕು. ಕಳೆದ ಮಳೆಗಾಲದಲ್ಲಿ ಅಲ್ಲಿಗೆ ಹೋಗಿದ್ದಾಗ ಅವರ ವಿಮೆಯ ಕಂತು ಕಟ್ಟಲು ಕೂತೆವು. ಲ್ಯಾಪ್‌ಟಾಪ್ ನನ್ನ ಮುಂದೆ, ಫೋನ್ ಅವರ ಕೈಯಲ್ಲಿ.

ಲಾಗಿನ್ ಆಗಲು 10:12ಕ್ಕೆ ಒಟಿಪಿ ಕೇಳಿದೆ. ಬರಲಿಲ್ಲ. 'ಇನ್ನೊಂದ್ಸಲ ಒತ್ತು ಮಾರಾಯ' ಅಂದರು ದೊಡ್ಡಪ್ಪ. 10:13ಕ್ಕೆ ಒತ್ತಿದೆ, 10:14ಕ್ಕೂ ಒತ್ತಿದೆ. 10:15ಕ್ಕೆ ಫೋನ್ ಟಿಣ್ ಅಂದಿತು. ಅವರು ಓದಿದರು, ನಾನು ಹಾಕಿದೆ. ತಪ್ಪು ಒಟಿಪಿ ಅಂತ ಬಂತು. ಸಿಟ್ಟಿನಲ್ಲಿ ಆಗಲೇ ನಾಲ್ಕನೇ ಸಲ ಒತ್ತಿದೆ. 10:16ಕ್ಕೆ ಇನ್ನೊಂದು ಮೆಸೇಜ್ ಬಂತು, ಅದೂ ತಪ್ಪು. 10:17ಕ್ಕೆ ಮತ್ತೊಂದು ಬಂತು, ಅದೂ ತಪ್ಪು. ಮೂರು ತಪ್ಪಾಯಿತು, ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಸೈಟು ಬಾಗಿಲು ಹಾಕಿಕೊಂಡಿತು. 10:18ಕ್ಕೆ ನಾಲ್ಕನೇ ಮೆಸೇಜ್ ಬಂತು. ನಾಲ್ಕರಲ್ಲಿ ಜೀವ ಇದ್ದದ್ದು ಅದೊಂದಕ್ಕೇ!

ಆಮೇಲೆ ಕೂತು ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ಪ್ರತಿ ಮೆಸೇಜೂ ಸರಿಯಾಗಿ ಮೂರು ನಿಮಿಷ ತಡವಾಗಿತ್ತು. 10:15ಕ್ಕೆ ಬಂದದ್ದು 10:12ರದ್ದು. ಅದು ಬರುವಷ್ಟರಲ್ಲಿ ನಾವೇ ಎರಡು ಹೊಸದನ್ನು ಕೇಳಿ ಅದನ್ನು ಕೊಂದಿದ್ದೆವು. 10:17ಕ್ಕೆ ಬಂದ ಮೂರನೆಯದು ಸರಿಯಾದದ್ದೇ ಆಗಿರುತ್ತಿತ್ತು, ನಾನು ಸಿಟ್ಟಿನಲ್ಲಿ ನಾಲ್ಕನೆಯದನ್ನು ಕೇಳದೇ ಇದ್ದಿದ್ದರೆ. ಒಂದೇ ಸಲ ಒತ್ತಿ ಸುಮ್ನೆ ಕೂತಿದ್ದರೆ 10:15ಕ್ಕೆ ಕೆಲಸ ಮುಗಿಯುತ್ತಿತ್ತು.

ಹಳೆಯದು ಯಾಕೆ ಸಾಯುತ್ತದೆ

ಬಹಳಷ್ಟು ಸೈಟುಗಳ ಸರ್ವರ್ ಒಂದು ಲಾಗಿನ್‌ಗೆ ಒಂದೇ ಒಟಿಪಿಯನ್ನು ನೆನಪಿಟ್ಟುಕೊಳ್ಳುತ್ತದೆ. ಹೊಸದು ಕೇಳಿದ ಕೂಡಲೇ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಇದು ಬೇಕೆಂದೇ ಮಾಡಿದ್ದು. ಐದಾರು ಒಟಿಪಿಗಳು ಒಟ್ಟಿಗೆ ಜೀವಂತ ಇದ್ದರೆ ಕಳ್ಳ ಊಹೆ ಮಾಡಿ ಗೆಲ್ಲುವ ಸಾಧ್ಯತೆಯೂ ಐದಾರು ಪಟ್ಟು. ಮತ್ತೆ ಒತ್ತಿದರೂ ಅದೇ ಅಂಕಿ ಕಳಿಸುವ ಸೈಟುಗಳೂ ಇವೆ. ಎರಡು ಮೆಸೇಜಿನಲ್ಲಿ ಒಂದೇ ಅಂಕಿ ಕಂಡರೆ ಅದು ಆ ಜಾತಿ ಅಂದುಕೊಳ್ಳಿ, ಅಲ್ಲಿ ಈ ತಲೆನೋವಿಲ್ಲ.

ಜನ ಎಡವುವುದು ಎರಡು ಗಡಿಯಾರಗಳ ಗೊಂದಲದಲ್ಲಿ. ಪರದೆಯ ಮೇಲೆ 30 ಸೆಕೆಂಡೋ ಒಂದು ನಿಮಿಷವೋ ಇಳಿಯುತ್ತಾ ಬರುತ್ತದಲ್ಲ, ಅದು ಹೆಚ್ಚಿನ ಕಡೆ `Resend OTP` ಗುಂಡಿ ಯಾವಾಗ ತೆರೆಯುತ್ತದೆ ಎನ್ನುವುದರ ಲೆಕ್ಕ. ಒಟಿಪಿಯ ಆಯುಸ್ಸು ಬೇರೆ, ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಜಾಸ್ತಿ. ಆಧಾರ್ ಒಟಿಪಿ 10 ನಿಮಿಷ ನಡೆಯುತ್ತದೆ. ಆದಾಯ ತೆರಿಗೆ ಪೋರ್ಟಲಿನಲ್ಲಿ 15 ನಿಮಿಷ, ಹಾಕಿ ನೋಡಲು ಮೂರು ಅವಕಾಶ. ಗುಂಡಿ ತೆರೆಯಿತು ಎಂದರೆ ಒತ್ತಲೇಬೇಕು ಎಂದೇನಿಲ್ಲ.

ಹಾಗಾದರೆ ಏನು ಮಾಡಬೇಕು

ಒಂದು ಸಲ ಒತ್ತಿ, ಒತ್ತಿದ ಸಮಯ ಬರೆದುಕೊಳ್ಳಿ. ಕ್ಯಾಲೆಂಡರಿನ ಮೂಲೆಯಲ್ಲಾದರೂ ಸರಿ. ಪೇಜ್ ರಿಫ್ರೆಶ್ ಮಾಡಬೇಡಿ, ಹಿಂದಕ್ಕೆ ಹೋಗಬೇಡಿ. ಕಾರ್ಡಿನಲ್ಲಿ ಹಣ ಕಟ್ಟುವಾಗಂತೂ ಹಿಂದಕ್ಕೆ ಹೋಗಿ ಬಂದರೆ ಅದು ಹೊಸ ವ್ಯವಹಾರ, ಅದಕ್ಕೆ ಹೊಸ ಒಟಿಪಿ.

ಒಂದು ನಿಮಿಷವಾದರೂ ಬರದಿದ್ದರೆ ಫೋನ್ ಕಡೆ ಗಮನ ಕೊಡಿ. ಫ್ಲೈಟ್ ಮೋಡ್ ಹಾಕಿ, ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ. ಇದು ಮಾಟ ಮಂತ್ರವಲ್ಲ. ನಿಮ್ಮ ಫೋನ್ ಸಿಗದಿದ್ದಾಗ ಮೆಸೇಜ್ ಮೊಬೈಲ್ ಕಂಪನಿಯ ಮೆಸೇಜ್ ಕೇಂದ್ರದಲ್ಲಿ ಕಾದಿರುತ್ತದೆ. ಕೇಂದ್ರ ಆಗಾಗ ಮತ್ತೆ ಕಳಿಸಿ ನೋಡುತ್ತದೆ, ಸಲದಿಂದ ಸಲಕ್ಕೆ ನಡುವಿನ ಬಿಡುವು ದೊಡ್ಡದಾಗುತ್ತಾ ಹೋಗಬಹುದು. ಫೋನ್ ಹೊಸದಾಗಿ ನೆಟ್‌ವರ್ಕಿಗೆ ಸೇರಿದಾಗ 'ಇವನು ಬಂದ' ಎಂದು ಕೇಂದ್ರಕ್ಕೆ ಸುದ್ದಿ ಹೋಗುತ್ತದೆ, ಕಾದಿದ್ದ ಮೆಸೇಜ್ ಇಳಿಯುತ್ತದೆ. ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಅದೇ ಫೋನಿನಿಂದ ಬರುತ್ತಿದ್ದರೆ ಮಾತ್ರ ಇದನ್ನು ಮಾಡಬೇಡಿ, ಪೇಜೇ ಕೈತಪ್ಪಬಹುದು. ಎರಡು ಸಿಮ್ ಇರುವವರು ಇನ್ನೊಂದು ಸಿಮ್‌ನಲ್ಲಿ ಮಾತನಾಡುತ್ತಾ ಒಟಿಪಿಗೆ ಕಾಯಬಾರದು. ಬಹಳ ಫೋನುಗಳಲ್ಲಿ ಒಂದು ಸಿಮ್ ಮಾತಿನಲ್ಲಿದ್ದರೆ ಇನ್ನೊಂದು ಸಿಗುವುದಿಲ್ಲ. ಮೆಸೇಜ್ ಆ್ಯಪ್‌ನ ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ಇಣುಕಿ ನೋಡಿ.

ತಪ್ಪು ಯಾರ ಕಡೆ ಎಂದು ತಿಳಿಯಬೇಕಾದರೆ ಪಕ್ಕದಲ್ಲಿರುವವರಿಂದ ಆ ನಂಬರಿಗೆ ಒಂದು ಮಾಮೂಲಿ ಎಸ್ಸೆಮ್ಮೆಸ್ ಹಾಕಿಸಿ. ವಾಟ್ಸ್‌ಆ್ಯಪ್ ಅಲ್ಲ. ಅದು ತಟ್ಟನೆ ಬಂದರೆ ನಿಮ್ಮ ಸಿಮ್ ಸರಿಯಿದೆ, ತಡ ಆಗುತ್ತಿರುವುದು ಕಳಿಸುವವರ ಕಡೆ. ಆಗ ಅಂಗಳದಲ್ಲಿ ಫೋನ್ ಎತ್ತಿ ಹಿಡಿದು ಓಡಾಡಿ ಪ್ರಯೋಜನವಿಲ್ಲ, ಕಾಯಬೇಕು ಅಷ್ಟೇ. ಆಯುಸ್ಸು ಪೂರ್ತಿ ಮುಗಿದ ಮೇಲೆ ಮತ್ತೆ ಒಂದೇ ಸಲ ಒತ್ತಿ. ಆಯುಸ್ಸು ಎಷ್ಟೆಂದು ಸೈಟು ಹೇಳದಿದ್ದರೆ ನಾನು ಹತ್ತು ನಿಮಿಷ ಎಂದು ಹಿಡಿಯುತ್ತೇನೆ.

ಆಗಲೇ ನಾಲ್ಕು ಸಲ ಒತ್ತಿಬಿಟ್ಟಿದ್ದರೆ

ಕೈ ನಿಲ್ಲಿಸಿ, ಎಣಿಸಿ. ನಾಲ್ಕು ಸಲ ಒತ್ತಿದ್ದರೆ ನಾಲ್ಕು ಮೆಸೇಜ್ ಬರಬೇಕು. ನಾಲ್ಕೂ ಬರುವವರೆಗೆ ಯಾವುದನ್ನೂ ಹಾಕಬೇಡಿ. ಮೊದಲು ಬಂದದ್ದನ್ನು ಗಬಕ್ಕನೆ ಹಾಕಿದರೆ ಒಂದು ಅವಕಾಶ ಸುಮ್ನೆ ಹೋಗುತ್ತದೆ.

ಕೊನೆಗೆ ಬಂದದ್ದೇ ಕೊನೆಗೆ ಕೇಳಿದ್ದು ಎಂದೂ ನಂಬುವ ಹಾಗಿಲ್ಲ. ಸಿಗ್ನಲ್ ಇಲ್ಲದೆ ಕಾದಿದ್ದ ಮೆಸೇಜುಗಳು ಒಟ್ಟಿಗೆ ಬಿದ್ದಾಗ ಹಿಂದುಮುಂದಾಗಬಹುದು. ಗೂಗಲ್ ಮೆಸೇಜಸ್ ಆ್ಯಪ್‌ನಲ್ಲಿ ಮೆಸೇಜನ್ನು ಒತ್ತಿ ಹಿಡಿದು, ಮೇಲಿನ ಮೂರು ಚುಕ್ಕೆ ಮುಟ್ಟಿ, `View details` ನೋಡಿ. ಅಲ್ಲಿ `Sent` ಮತ್ತು `Received` ಎಂದು ಎರಡು ಸಮಯ ಇರುತ್ತದೆ. ಯಾವುದರ `Sent` ಎಲ್ಲಕ್ಕಿಂತ ಈಚಿನದೋ ಆ ಅಂಕಿ ಹಾಕಿ.

ಆ ಎರಡು ಸಮಯ ಇನ್ನೊಂದು ಗುಟ್ಟನ್ನೂ ಹೇಳುತ್ತದೆ. `Sent` ಎಂದರೆ ಸಾಮಾನ್ಯವಾಗಿ ಮೆಸೇಜ್ ಮೊಬೈಲ್ ಕಂಪನಿಯ ಕೇಂದ್ರಕ್ಕೆ ಸೇರಿದ ಹೊತ್ತು. `Sent` ಬೇಗ, `Received` ತಡ ಇದ್ದರೆ ಸಿಗ್ನಲ್ಲೋ ಫೋನೋ ಕಾರಣ. ಎರಡೂ ಒಂದೇ ಇದ್ದು, ನೀವು ಒತ್ತಿದ್ದು ಅದಕ್ಕಿಂತ ಮೊದಲಾಗಿದ್ದರೆ ತಡವಾದದ್ದು ಅದಕ್ಕೂ ಹಿಂದೆ, ಕಳಿಸುವವರ ಸಾಲಿನಲ್ಲಿ. ದೊಡ್ಡಪ್ಪನ ಮೊದಲ ಮೆಸೇಜಿನಲ್ಲಿ ಎರಡೂ 10:15 ಇತ್ತು. ಅಷ್ಟು ಹೊತ್ತು ನಾವು ಬೈದದ್ದು ಪಾಪ, ಊರಿನ ಟವರನ್ನು.

ಕೆಲವೊಮ್ಮೆ ಎಷ್ಟು ಕಾದರೂ ಬರುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಮೆಸೇಜಿನ ಒಕ್ಕಣೆಯನ್ನು ಕಂಪನಿಗಳು ಮೊದಲೇ ನೋಂದಾಯಿಸಿರಬೇಕು, ಹೊಂದದಿದ್ದರೆ ದಾರಿಯಲ್ಲೇ ತಡೆಯುತ್ತಾರೆ. 2021ರ ಮಾರ್ಚ್ 8ರಂದು ಈ ತಪಾಸಣೆ ಬಿಗಿಯಾಗಿ ಶುರುವಾದಾಗ ದೇಶದ ತುಂಬ ಒಟಿಪಿಗಳು ನಿಂತುಹೋದವು. ಕೊನೆಗೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅದನ್ನು ಏಳು ದಿನ ತಡೆಹಿಡಿಯಬೇಕಾಯಿತು. ಅಂಥ ದಿನ ನೂರು ಸಲ ಒತ್ತಿದರೂ ಅಷ್ಟೇ. ಬೇರೆ ದಾರಿ ಹಿಡಿಯಿರಿ. ಆದಾಯ ತೆರಿಗೆ ರಿಟರ್ನ್ಸ್ ದೃಢೀಕರಿಸಲು ಆಧಾರ್ ಒಟಿಪಿ ಬದಲು ನೆಟ್ ಬ್ಯಾಂಕಿಂಗ್ ಮೂಲಕವೂ ಹೋಗಬಹುದು, ಸಲ್ಲಿಸಿದ ಮೇಲೆ 30 ದಿನ ಸಮಯವೂ ಇರುತ್ತದೆ.

ದೊಡ್ಡಪ್ಪನ ಕಂತು ಅವತ್ತೇ ಕಟ್ಟಿದೆವು. ಅರ್ಧ ಗಂಟೆ ಬಿಟ್ಟು ಒಂದೇ ಸಲ ಒತ್ತಿದೆ. ದೊಡ್ಡಪ್ಪ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು ಅಡಿಕೆ ಕತ್ತರಿಸುತ್ತಾ ಕೂತರು. ಈ ಸಲ ನಾಲ್ಕು ನಿಮಿಷ ತಗೊಂಡಿತು.