ಎರಡು ಭಾಷೆ ಬರುತ್ತಾ? ಆನ್‌ಲೈನ್‌ ಪಾಠಕ್ಕೆ ಮೊದಲ ಮೂರು ವಿದ್ಯಾರ್ಥಿಗಳನ್ನು ಹುಡುಕುವುದು ಹೀಗೆ

ಅಪ್ಪನ ಕೆಲಸದಿಂದಾಗಿ ನಾನು ಹತ್ತು ವರ್ಷ ಭೋಪಾಲ್‌ನಲ್ಲಿ ಬೆಳೆದೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ಹಿಂದಿ. ಮದುವೆಯಾಗಿ ಮೈಸೂರಿಗೆ ಬಂದ ಮೇಲೆ ಆ ಹಿಂದಿ ಸುಮ್ನೆ ಮೂಲೆಯಲ್ಲಿ ಬಿದ್ದಿತ್ತು. ಮೂರು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಕನ್ನಡ ಹೇಳಿಕೊಡಲು ಶುರು ಮಾಡಿದಾಗ ಅದೇ ಕೈ ಹಿಡಿಯಿತು. ಹಿಂದಿಯ ಜಾಗದಲ್ಲಿ ನಿಮಗೆ ತಮಿಳು, ತೆಲುಗು, ಮರಾಠಿ, ಮಲಯಾಳಂ ಯಾವುದಾದರೂ ಇರಬಹುದು. ದಾರಿ ಒಂದೇ.

ಮೊದಲು, ಯಾರಿಗೆ ಅಂತ ತೀರ್ಮಾನಿಸಿ

ನಾನು ಮೊದಲು ಹಾಕಿದ ಪೋಸ್ಟರ್‌ನಲ್ಲಿ ‘ಎಲ್ಲರಿಗೂ ಕನ್ನಡ ತರಗತಿ’ ಎಂದಿತ್ತು. ಎರಡು ತಿಂಗಳು ಒಬ್ಬರೂ ಫೋನ್‌ ಮಾಡಲಿಲ್ಲ. ಆಮೇಲೆ ‘ಬೆಂಗಳೂರಿನಲ್ಲಿರುವ ಹಿಂದಿ ಮಾತಾಡುವವರಿಗೆ, ಹಿಂದಿಯಲ್ಲೇ ವಿವರಿಸಿ, ಮಾತಾಡುವ ಕನ್ನಡ’ ಎಂದು ಬದಲಿಸಿದೆ. ಒಂದೇ ವಾರಕ್ಕೆ ಇಬ್ಬರು ಕೇಳಿದರು.

ಕನ್ನಡ ಬಲ್ಲವರು ಕೋಟಿಗಟ್ಟಲೆ ಇದ್ದಾರೆ. ಕಲಿಯುವವರಿಗೆ ಅವರ ಭಾಷೆಯಿಂದ ಕನ್ನಡಕ್ಕೆ ಕೈ ಹಿಡಿದು ದಾಟಿಸುವವರು ಬೇಕು. ಅದು ನಿಮ್ಮ ಎರಡನೇ ಭಾಷೆಯಿಂದ ಆಗುವ ಕೆಲಸ. ಒಂದು ಉದಾಹರಣೆ ನೋಡಿ. ಇಂಗ್ಲಿಷ್‌ ಮೂಲಕ ಕಲಿಯುವವರಿಗೆ ‘ನನಗೆ ಬೇಕು’, ‘ನನಗೆ ಗೊತ್ತು’, ‘ನನಗೆ ಹಿಂದಿ ಬರುತ್ತೆ’ ಎಂಬ ಮೂರರಲ್ಲೂ ‘ನಾನು’ ಯಾಕೆ ‘ನನಗೆ’ ಆಯಿತು ಎಂದು ಅರ್ಧ ಗಂಟೆ ಹೇಳಬೇಕು. ಹಿಂದಿಯವರಿಗೆ ಅದರ ಅಗತ್ಯವೇ ಇಲ್ಲ. ‘ಮುಝೆ ಚಾಹಿಯೇ’, ‘ಮುಝೆ ಪತಾ ಹೈ’, ‘ಮುಝೆ ಹಿಂದಿ ಆತೀ ಹೈ’ ಎಂದು ಪಕ್ಕದಲ್ಲಿ ಬರೆದರೆ ಸಾಕು. ಅವರ ಮಾತಿನ ಜೋಡಣೆ ನಮ್ಮದೇ ಥರ ಇದೆ.

ಪಾಠಕ್ಕೆ ಮುಂಚೆ ಒಂದು ನೋಟ್‌ಬುಕ್‌

ಎರಡು ಭಾಷೆ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಅನ್ನುವುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಎಡಗಡೆ ಕೂಡುವುದು, ಬಲಗಡೆ ಬೇರೆಯಾಗುವುದು. ಪಠ್ಯಪುಸ್ತಕ ಕೊಳ್ಳುವ ಮೊದಲು ಇದನ್ನು ಮಾಡಿ.

ನನ್ನ ಬಲಗಡೆಯ ಪುಟದ ಮೊದಲ ಸಾಲಿನಲ್ಲಿ ಇರುವುದು ಗಿಡ್ಡ ‘ಎ’ ಮತ್ತು ಗಿಡ್ಡ ‘ಒ’. ಬರಹದ ಹಿಂದಿಯಲ್ಲಿ ಅವಕ್ಕೆ ಬೇರೆ ಅಕ್ಷರ ಇಲ್ಲ. ಹಾಗಾಗಿ ಎಲ್ಲವನ್ನೂ ಎಳೆಯುತ್ತಾರೆ. ಜೊತೆಗೆ ‘ಳ’ ಹೊರಡುವುದಿಲ್ಲ. ಲಖನೌದಿಂದ ಬಂದಿದ್ದ ನನ್ನ ಮೊದಲ ವಿದ್ಯಾರ್ಥಿನಿ ತರಕಾರಿ ಅಂಗಡಿಯಲ್ಲಿ ‘ಬೆಲೆ ಎಷ್ಟು’ ಎಂದು ಕೇಳಲು ಹೋಗಿ ‘ಬೇಲೇ ಏಷ್ಟು’ ಎಂದಿದ್ದಳು. ಅಂಗಡಿಯವರು ‘ಬೇಳೆ ಇಲ್ಲಮ್ಮ, ಪಕ್ಕದ ಅಂಗಡಿ’ ಎಂದು ಕೈ ತೋರಿಸಿದರಂತೆ. ಮಾರನೇ ದಿನ ನಾವು 20 ನಿಮಿಷ ಬೆಲೆ, ಬೆಳೆ, ಬೇಳೆ ಈ ಮೂರನ್ನೇ ಹೇಳಿದೆವು. ಮೊದಲು ನಾನು ಹೇಳುತ್ತಿದ್ದೆ, ಅವಳು ಒಂದು, ಎರಡು, ಮೂರು ಎಂದು ಬೆರಳು ತೋರಿಸುತ್ತಿದ್ದಳು. ಕಿವಿಗೆ ವ್ಯತ್ಯಾಸ ಸಿಕ್ಕ ಮೇಲೆ ಬಾಯಿಗೂ ಬಂತು. ಕೇಳಿಸದ ಶಬ್ದವನ್ನು ಹೇಳು ಹೇಳು ಎಂದು ಒತ್ತಾಯಿಸಿದರೆ ಏನೂ ಉಪಯೋಗವಿಲ್ಲ.

ಎರಡನೆಯದು ಕ್ರಿಯಾಪದದ ಬಾಲ. ‘ಮೈನೇ ಖಾಯಾ, ಉಸ್ನೇ ಖಾಯಾ’ ಎನ್ನುವಾಗ ತಿಂದವರು ಯಾರಾದರೂ ಕೊನೆ ಬದಲಾಗುವುದಿಲ್ಲ. ನಮ್ಮಲ್ಲಿ ತಿಂದೆ, ತಿಂದಳು, ತಿಂದರು. ಅದಕ್ಕೇ ಅವರು ‘ನಾನು ಊಟ ಮಾಡಿದ’ ಎನ್ನುತ್ತಾರೆ. ಈ ತಪ್ಪು ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ನೀವು ತಾಳ್ಮೆ ಕಳೆದುಕೊಳ್ಳುವುದಿಲ್ಲ.

ಸಾಮಾನು ಕಡಿಮೆ ಸಾಕು

ಲ್ಯಾಪ್‌ಟಾಪ್‌ ಅಥವಾ ಒಳ್ಳೆಯ ಫೋನ್‌, ಮೈಕ್‌ ಇರುವ ತಂತಿ ಇಯರ್‌ಫೋನ್‌, ಫ್ಯಾನ್‌ ಸದ್ದು ಬಾರದ ಒಂದು ಮೂಲೆ. ಭಾಷೆಯ ಪಾಠದಲ್ಲಿ ಚಿತ್ರ ಮಸುಕಾದರೂ ನಡೆಯುತ್ತದೆ, ಧ್ವನಿ ಒಡೆದರೆ ನಡೆಯುವುದಿಲ್ಲ. ಝೂಮ್‌ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕರೆ ಕಡಿತವಾಗುತ್ತದೆ. ಒಬ್ಬರಿಗೇ ಪಾಠವಾದರೆ ಗೂಗಲ್‌ ಮೀಟ್‌ನಲ್ಲಿ ಆ ತೊಂದರೆ ಇಲ್ಲ. ಇಬ್ಬರೂ ಬರೆಯಬಹುದಾದ ಒಂದು ಗೂಗಲ್‌ ಡಾಕ್‌ ತೆರೆದಿಟ್ಟರೆ ಅದೇ ಕರಿಹಲಗೆ, ಅದೇ ಅವರ ನೋಟ್ಸ್‌.

ಮೊದಲ ಮೂವರು ಎಲ್ಲಿದ್ದಾರೆ?

ದೊಡ್ಡ ಟ್ಯೂಷನ್‌ ತಾಣಗಳಿಗೆ ಮೊದಲೇ ಓಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಅಲ್ಲಿ ವಿಮರ್ಶೆ ಇಲ್ಲದ ಹೊಸಬರು ಪಟ್ಟಿಯ ತಳದಲ್ಲಿ ಇರುತ್ತಾರೆ. ಕಮಿಷನ್ನೂ ಜಾಸ್ತಿ. ಅಂಥದ್ದೊಂದು ತಾಣವಾದ ಪ್ರೆಪ್ಲಿಯಲ್ಲಿ ಪ್ರತಿ ಹೊಸ ವಿದ್ಯಾರ್ಥಿಯ ಮೊದಲ ಪಾಠದ ಹಣ ಪೂರ್ತಿ ತಾಣಕ್ಕೇ ಹೋಗುತ್ತದೆ. ಆಮೇಲೂ ಶುರುವಿನಲ್ಲಿ ಸುಮಾರು ಮೂರನೇ ಒಂದು ಪಾಲು ಅವರದು. ಗಂಟೆ ಹೆಚ್ಚಿದಂತೆ ಅದು ಇಳಿಯುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಸೇರುವ ದಿನ ಓದಿಕೊಳ್ಳಿ. ನಾಲ್ಕಾರು ಜನರಿಗೆ ಕಲಿಸಿ ಕೈ ಪಳಗಿದ ಮೇಲೆ ಹೋದರೆ ಒಳ್ಳೆಯದು.

ಮೊದಲ ಮೂವರು ನಿಮ್ಮ ಪರಿಚಯದವರ ಪರಿಚಯದಲ್ಲಿ ಇರುತ್ತಾರೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ನಲ್ಲಿರುವ ನೆಂಟರು, ಐಟಿ ಕಂಪನಿಯ ಗೆಳೆಯರು, ಹಳೇ ಸಹಪಾಠಿಗಳು, ಇಂಥ ಹತ್ತು ಜನರ ಪಟ್ಟಿ ಮಾಡಿ. ‘ನೀನು ಸೇರು’ ಎಂದು ಅವರನ್ನು ಕೇಳಬೇಡಿ, ಅವರಿಗೆ ಕನ್ನಡ ಬರುತ್ತದಲ್ವಾ! ಅವರ ಅಪಾರ್ಟ್‌ಮೆಂಟ್‌ ಅಥವಾ ಆಫೀಸಿನ ವಾಟ್ಸ್‌ಆ್ಯಪ್‌ ಗುಂಪಿನಲ್ಲಿ ನಿಮ್ಮ ಸಂದೇಶ ಹಾಕಿಕೊಡಿ ಎಂದು ಕೇಳಿ. ಅಪರಿಚಿತರು ನೇರವಾಗಿ ಹಾಕಿದರೆ ಅದು ಜಾಹೀರಾತು. ಮೂರನೇ ಮಹಡಿಯವರು ‘ನನ್ನ ಚಿಕ್ಕಮ್ಮನ ಮಗಳು ಕಲಿಸುತ್ತಾಳೆ’ ಎಂದು ಹಾಕಿದರೆ ಜನ ಓದುತ್ತಾರೆ.

ಸಂದೇಶ ಕಲಿಯುವವರ ಭಾಷೆಯಲ್ಲೇ ಇರಲಿ. ನಾನು ಹಿಂದಿಯಲ್ಲಿ ಕಳಿಸಿದ್ದರ ತಾತ್ಪರ್ಯ ಇಷ್ಟು:

‘ಮನೆಗೆಲಸದವರ ಹತ್ತಿರ, ಆಟೋದವರ ಹತ್ತಿರ, ಅಂಗಡಿಯಲ್ಲಿ ಕನ್ನಡ ಮಾತಾಡಬೇಕಾ? ಹಿಂದಿಯಲ್ಲಿ ವಿವರಿಸಿ ಕಲಿಸುತ್ತೇನೆ. ಎಂಟು ಪಾಠ, ಒಂದೊಂದು 45 ನಿಮಿಷ. ಲಿಪಿ ಕಲಿಯುವ ಅಗತ್ಯ ಸದ್ಯಕ್ಕಿಲ್ಲ. ಶನಿವಾರ ಬೆಳಗ್ಗೆ 9 ಮತ್ತು 10ಕ್ಕೆ ಮೂರು ಜನಕ್ಕೆ ಮಾತ್ರ ಜಾಗ ಇದೆ.’

ಜೊತೆಗೆ ಒಂದು ನಿಮಿಷದ ಧ್ವನಿ ಸಂದೇಶ ಕಳಿಸಿದ್ದೆ. ಅದರಲ್ಲಿ ‘ನಹೀಂ ಚಾಹಿಯೇ’ ಎನ್ನುವುದಕ್ಕೆ ಕನ್ನಡದಲ್ಲಿ ‘ಬೇಡ’ ಎಂಬ ಒಂದೇ ಪದ ಸಾಕು ಎಂದು ಹೇಳಿಕೊಟ್ಟಿದ್ದೆ. ಆ ಒಂದು ನಿಮಿಷ ಕೇಳಿಯೇ ಲಖನೌ ಹುಡುಗಿ ಫೋನ್‌ ಮಾಡಿದ್ದು. ನನ್ನ ಹಿಂದಿ ಹೇಗಿದೆ, ಹೇಗೆ ವಿವರಿಸುತ್ತೇನೆ ಎಂಬ ಎರಡೂ ಅನುಮಾನ ಅದರಲ್ಲೇ ತೀರಿತ್ತು.

ಟ್ರಯಲ್‌ ಪಾಠ: 30 ನಿಮಿಷ

ಇಲ್ಲೇ ನಾನು ಜಾಸ್ತಿ ಎಡವಿದ್ದು. ಶುರುವಿನಲ್ಲಿ ಉಚಿತ ಡೆಮೊ ಇಟ್ಟೆ. ಹನ್ನೊಂದು ಜನ ಹೆಸರು ಕೊಟ್ಟರು, ಐವರು ಕರೆಗೇ ಬರಲಿಲ್ಲ. ಬಂದವರಿಗೆ ‘ಅ ಆ ಇ ಈ’ ತೋರಿಸಿದೆ. ಒಬ್ಬರೂ ಮುಂದುವರಿಯಲಿಲ್ಲ. ಸೋಮವಾರ ವಾಚ್‌ಮನ್‌ ಹತ್ತಿರ ಮಾತಾಡಬೇಕಾದವರಿಗೆ ಅಕ್ಷರಮಾಲೆಯಿಂದ ಏನು ಪ್ರಯೋಜನ?

ಈಗ ಟ್ರಯಲ್‌ ಪಾಠಕ್ಕೆ ₹100 ತೆಗೆದುಕೊಳ್ಳುತ್ತೇನೆ. ಸೇರಿದರೆ ಶುಲ್ಕದಲ್ಲಿ ಕಳೆಯುತ್ತೇನೆ. ಹಣ ಕೊಟ್ಟವರು ಸಮಯಕ್ಕೆ ಬರುತ್ತಾರೆ.

ಮೊದಲ ಐದು ನಿಮಿಷ ಒಂದೇ ಪ್ರಶ್ನೆ: ‘ಹೋದ ವಾರ ಯಾರ ಹತ್ತಿರ ಕನ್ನಡ ಬೇಕಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡಿರಿ?’ ಲಖನೌ ಹುಡುಗಿ ಮನೆಗೆಲಸದ ಅಕ್ಕನ ಹೆಸರು ಹೇಳಿದಳು. ‘ನಾಳೆ ಬರಬೇಡಿ, ನಾವು ಊರಿಗೆ ಹೋಗ್ತೀವಿ’ ಎನ್ನಲು ಬಾರದೆ ಪಕ್ಕದ ಮನೆಯವರನ್ನು ಕರೆತಂದಿದ್ದಳಂತೆ. ಅವತ್ತಿನ ಪಾಠ ಅದೇ. ‘ನಾಳೆ ಬನ್ನಿ’, ‘ನಾಳೆ ಬರಬೇಡಿ’, ‘ನಾವು ಊರಿಗೆ ಹೋಗ್ತೀವಿ’ ಎಂಬ ಮೂರು ವಾಕ್ಯ. ‘ನಾಳೆ’ ಜಾಗದಲ್ಲಿ ‘ಸೋಮವಾರ’, ‘ಎಂಟು ಗಂಟೆಗೆ’ ಹಾಕಿ ತಿರುಗಿಸಿ ತಿರುಗಿಸಿ ಹೇಳಿಸಿದೆ. ‘ಆಇಯೇ’ಗೆ ‘ಬನ್ನಿ’, ‘ಆಓ’ಗೆ ‘ಬಾ’ ಎಂದಾಗ ಮರ್ಯಾದೆಯ ವ್ಯತ್ಯಾಸ ಅವಳಿಗೆ ತಾನಾಗೇ ತಿಳಿಯಿತು. ಕೊನೆಯ ಐದು ನಿಮಿಷ ನಾನೇ ಮನೆಗೆಲಸದ ಅಕ್ಕನಾದೆ. ಅವಳು ಪಕ್ಕದ ಮನೆಯವರ ಸಹಾಯವಿಲ್ಲದೆ ಹೇಳಿ ಮುಗಿಸಿದಳು. ಕರೆ ಇಡುವ ಮೊದಲೇ ಶನಿವಾರದ ಸಮಯ ಕೇಳಿದಳು.

ಪಾಠ ಸರಿಹೋಯಿತೋ ಇಲ್ಲವೋ ಎಂದು ತಿಳಿಯಲು ಒಂದು ಗುರುತು ಇದೆ. ಅರ್ಧ ಗಂಟೆಯಲ್ಲಿ ಯಾರು ಹೆಚ್ಚು ಮಾತಾಡಿದಿರಿ ನೋಡಿ. ನೀವೇ 20 ನಿಮಿಷ ಮಾತಾಡಿದ್ದರೆ ಅದು ಭಾಷಣ. ಎರಡನೇ ಭಾಷೆ ಚೆನ್ನಾಗಿ ಬರುವವರಿಗೆ ಈ ಅಪಾಯ ಜಾಸ್ತಿ. ವಿವರಣೆ ಹಿಂದಿಯಲ್ಲಿ ಸಲೀಸಾಗಿ ಹರಿಯುತ್ತದೆ, ಕನ್ನಡ ಹಿಂದೆ ಉಳಿಯುತ್ತದೆ. ಎರಡನೇ ಪಾಠದಿಂದ, ಕರೆಗೆ ಸೇರಿದ ತಕ್ಷಣದ ಕುಶಲ ಪ್ರಶ್ನೆ ಕನ್ನಡದಲ್ಲೇ ಇರಲಿ, ನಾಲ್ಕನೆಯದರ ಹೊತ್ತಿಗೆ ಅರ್ಧ ಪಾಠ ಕನ್ನಡದಲ್ಲಿ ನಡೆಯಲಿ.

ಹಣ ಮತ್ತು ಸಮಯ

ನಾನು ಶುರುವಿನಲ್ಲಿ ಎಂಟು ಪಾಠಕ್ಕೆ ₹2,400 ಇಟ್ಟೆ. ಟ್ರಯಲ್‌ ಪಾಠದ ₹100 ಕಳೆದು ₹2,300 ಮೊದಲೇ ಯುಪಿಐನಲ್ಲಿ ಬರಬೇಕು. ಪಾಠಕ್ಕೊಂದು ಸಲ ಹಣ ಕೇಳುವ ಪದ್ಧತಿ ಬೇಡ, ಪ್ರತಿ ವಾರ ಮುಜುಗರ. ಪಾಠ ತಪ್ಪಿಸುವುದಾದರೆ 12 ಗಂಟೆ ಮುಂಚೆ ಹೇಳಬೇಕು, ಇಲ್ಲದಿದ್ದರೆ ಒಂದು ಪಾಠ ಕಳೆಯುತ್ತದೆ. ನೀವು ತಪ್ಪಿಸಿದರೆ ಒಂದು ಪಾಠ ಹೆಚ್ಚು ಕೊಡಿ. ಇದನ್ನು ಮೊದಲ ದಿನವೇ ಬರೆದು ಕಳಿಸಿ.

ವಿದೇಶದ ಕನ್ನಡ ಮಕ್ಕಳಿಗೆ ಕಲಿಸುವವರು ಗಡಿಯಾರದ ಮೇಲೆ ಕಣ್ಣಿಡಿ. ನಮ್ಮ ಶನಿವಾರ ಬೆಳಗ್ಗೆ 7 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯಲ್ಲಿ ಶುಕ್ರವಾರ ಸಂಜೆ 6.30, ಚಳಿಗಾಲದಲ್ಲಿ 5.30. ಅಮೆರಿಕದಲ್ಲಿ ಮಾರ್ಚ್‌ ಎರಡನೇ ಭಾನುವಾರ ಮತ್ತು ನವೆಂಬರ್‌ ಮೊದಲ ಭಾನುವಾರ ಗಡಿಯಾರ ತಿರುಗಿಸುತ್ತಾರೆ. ಆ ವಾರ ನೆನಪಿಸದಿದ್ದರೆ ಒಬ್ಬರು ಕಾದು ಕೂತಿರುತ್ತಾರೆ. ಚಿಕ್ಕ ಮಕ್ಕಳ ಪಾಠವಾದರೆ ಅಪ್ಪ ಅಥವಾ ಅಮ್ಮ ಅದೇ ಕೋಣೆಯಲ್ಲಿ ಇರಲಿ ಎಂದು ಮೊದಲೇ ಹೇಳಿ.

ಮೊದಲನೆಯವರಿಂದ ಎರಡನೆಯವರು

ನಾಲ್ಕನೇ ಪಾಠ ಮುಗಿದಾಗ, ಎಂಟನೆಯದಕ್ಕೆ ಕಾಯದೆ, ಒಂದು ಕೆಲಸ ಮಾಡಿ. ‘ಈ ವಾರ ಯಾರ ಹತ್ತಿರ ಕನ್ನಡ ಮಾತಾಡಿದಿರಿ, ಎರಡು ವಾಕ್ಯದಲ್ಲಿ ಬರೆದುಕೊಡಿ’ ಎಂದು ಕೇಳಿ. ಆ ಹೊತ್ತಿಗೆ ಖುಷಿ ತಾಜಾ ಇರುತ್ತದೆ. ಲಖನೌ ಹುಡುಗಿ ಬರೆದದ್ದು ತನ್ನ ಮನೆಗೆಲಸದ ಅಕ್ಕನ ಬಗ್ಗೆ: ಅಕ್ಕ ಈಗ ತನ್ನ ಮಗನ ಪರೀಕ್ಷೆ ಬಗ್ಗೆಯೂ ಮಾತಾಡುತ್ತಾರೆ, ಅರ್ಧ ಅರ್ಥವಾಗುತ್ತದೆ ಎಂದು. ಅವಳ ಅನುಮತಿ ಪಡೆದು, ಅಕ್ಕನ ಹೆಸರು ತೆಗೆದು, ಅದನ್ನೇ ಅವಳ ಅಪಾರ್ಟ್‌ಮೆಂಟ್‌ ಗುಂಪಿಗೆ ಅವಳಿಂದಲೇ ಹಾಕಿಸಿದೆ. ಅದೇ ಕಟ್ಟಡದ ಇಂದೋರ್‌ನ ದಂಪತಿ ಭಾನುವಾರ ಕರೆ ಮಾಡಿದರು. ಇಬ್ಬರನ್ನೂ ಒಟ್ಟಿಗೇ ಕೂರಿಸಿದ್ದರಿಂದ ಮನೆಯಲ್ಲಿ ಒಬ್ಬರ ಜೊತೆ ಒಬ್ಬರು ಅಭ್ಯಾಸ ಮಾಡುವುದು ಸುಲಭವಾಯಿತು. ಮೂವರಿಗೆಂದು ತೆಗೆದಿಟ್ಟ ಜಾಗ ಆರನೇ ವಾರಕ್ಕೆ ತುಂಬಿತು. ಆಮೇಲೆ ಕೇಳಿದವರಿಗೆ ಮುಂದಿನ ತಿಂಗಳ ತಾರೀಖು ಕೊಟ್ಟೆ.