ದಿನದ ನಷ್ಟದ ಮಿತಿಯಿಂದ ಶುರುವಾಗುವ ಒಂದು ಪುಟ

ಕಲಬುರಗಿಯಲ್ಲಿ ಅಂಗಡಿ ನೋಡಿಕೊಂಡೇ ಇಂಟ್ರಾಡೇ ಮಾಡುತ್ತೇನೆ, ಅಂದರೆ ಕೊಂಡ ಷೇರನ್ನು ಅದೇ ದಿನ ಮಾರಿಬಿಡುತ್ತೇನೆ. ಶುರುವಿನಲ್ಲೇ ಒಂದು ತಿಂಗಳು ಕೆಟ್ಟದಾಗಿ ಹೋಯಿತು. ಆಮೇಲೆ ಬರೆದ ನಿಯಮಗಳು ಒಂದೇ ಹಾಳೆಯಲ್ಲಿ ಮುಗಿಯುತ್ತವೆ. ಹೆಚ್ಚಿನವರು ಎಂಟ್ರಿಯಿಂದ, ಅಂದರೆ ಯಾವಾಗ ಕೊಳ್ಳಬೇಕು ಎಂಬುದರಿಂದ, ಬರೆಯಲು ಶುರು ಮಾಡುತ್ತಾರೆ. ನಷ್ಟದ ಮಿತಿಯನ್ನು ಮೊದಲು ಬರೆಯಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಎಷ್ಟು ಷೇರು ಕೊಳ್ಳಬಹುದು ಎಂಬುದು ಅಲ್ಲಿಂದಲೇ ಹೊರಡುತ್ತದೆ.

ಖಾತೆಯಲ್ಲಿ 50,000 ರೂಪಾಯಿ ಇದೆ ಎಂದುಕೊಳ್ಳಿ. ತಿಂಗಳಿಗೆ 3,000ಕ್ಕಿಂತ ಹೆಚ್ಚು ಹೋಗಬಾರದು, ದಿನಕ್ಕೆ 600, ಒಂದು ಟ್ರೇಡಿಗೆ 250. ದಿನದ ನಿಯಮದ ಮಾತು ಹೀಗಿದೆ: ‘600ರಲ್ಲಿ ಉಳಿದದ್ದು 250ಕ್ಕಿಂತ ಕಡಿಮೆಯಾದರೆ ಇವತ್ತು ಹೊಸ ಟ್ರೇಡ್ ಇಲ್ಲ.’ ‘600 ಹೋದ ಮೇಲೆ ನಿಲ್ಲಿಸು’ ಎಂದು ಬರೆದರೆ ಕೊನೆಯ ಟ್ರೇಡ್ ಮಿತಿಯನ್ನು ದಾಟಿಯೇ ಮುಗಿಯುತ್ತದೆ. ಎರಡು ಪೂರ್ತಿ ನಷ್ಟವಾದರೆ ಉಳಿಯುವುದು ನೂರರ ಆಸುಪಾಸು. ಅದು ಮೂರನೇ ಟ್ರೇಡಿಗಲ್ಲ, ನಷ್ಟ ನಿಲ್ಲಿಸಲು ಮೊದಲೇ ಇಟ್ಟ ಮಾರಾಟದ ಆರ್ಡರ್, ಅಂದರೆ ಸ್ಟಾಪ್ ಲಾಸ್, ನಾವು ಬರೆದ ಬೆಲೆಗಿಂತ ಕೆಳಗೆ ಬಿದ್ದರೆ ತಡೆದುಕೊಳ್ಳಲು. ಬೆಳಗ್ಗೆ ಬಂದ ಲಾಭವನ್ನು 600ಕ್ಕೆ ಕೂಡಿಸುವುದಿಲ್ಲ. ಕೂಡಿಸಿದರೆ ಲಾಭದ ದಿನವೇ ಮಿತಿ ದೊಡ್ಡದಾಗಿ, ಮಧ್ಯಾಹ್ನ ದೊಡ್ಡ ನಷ್ಟಕ್ಕೆ ದಾರಿಯಾಗುತ್ತದೆ.

ಎಂಟ್ರಿಯ ನಿಯಮ ಹೌದು ಅಥವಾ ಅಲ್ಲ ಎಂಬ ಉತ್ತರ ಕೊಡುವಂತಿರಬೇಕು. ‘ಷೇರು ಗಟ್ಟಿಯಾಗಿ ಕಂಡಾಗ’ ಎಂದು ಬರೆದರೆ ಪ್ರತಿದಿನವೂ ಗಟ್ಟಿಯಾಗಿಯೇ ಕಾಣುತ್ತದೆ. ನನ್ನ ಹಾಳೆಯಲ್ಲಿರುವುದು ಇಷ್ಟು: ನಿಫ್ಟಿ 50ರ ಐದು ಷೇರು ಮಾತ್ರ. 9:15ರಿಂದ 9:30ರ ನಡುವಿನ ಗರಿಷ್ಠ ಬೆಲೆಗೆ ಗೆರೆ ಎಳೆಯಬೇಕು. ಐದು ನಿಮಿಷದ ಬೆಲೆ ತೋರಿಸುವ ಚಾರ್ಟಿನ ಕಡ್ಡಿ, ಅಂದರೆ ಕ್ಯಾಂಡಲ್, ಆ ಗೆರೆಯ ಮೇಲೆ ಮುಗಿದರೆ ಮಾತ್ರ ಕೊಳ್ಳಬೇಕು. 11 ಗಂಟೆಯ ನಂತರ ಎಂಟ್ರಿ ಇಲ್ಲ, ಆಗ ಅಂಗಡಿಯಲ್ಲಿ ಗಿರಾಕಿ ಜಾಸ್ತಿ. ಕಂಪನಿಯ ಫಲಿತಾಂಶದ ದಿನ ಆ ಷೇರು ಮುಟ್ಟುವುದಿಲ್ಲ.

ಒಂದು ಉದಾಹರಣೆ ನೋಡೋಣ. ಗೆರೆ 411ರಲ್ಲಿದೆ, ಕ್ಯಾಂಡಲ್ 411.60ಕ್ಕೆ ಮುಗಿದಿದೆ, ಅದರ ಕನಿಷ್ಠ 407.40. ಕೊಳ್ಳುವ ಬೆಲೆ 412, ಸ್ಟಾಪ್ ಆ ಕನಿಷ್ಠದ ಕೆಳಗೆ 407. ಷೇರಿಗೆ 5 ರೂಪಾಯಿ ಅಪಾಯ. 250ರಲ್ಲಿ ಬ್ರೋಕರೇಜ್, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ, ಜಿಎಸ್‌ಟಿ ಎಲ್ಲ ಸೇರಿ ಸುಮಾರು 20 ರೂಪಾಯಿ ಕಳೆದರೆ 230 ಉಳಿಯಿತು. ಅದನ್ನು 5ರಿಂದ ಭಾಗಿಸಿದರೆ 46, ನಾನು 45 ಹಿಡಿಯುತ್ತೇನೆ. ಸ್ಟಾಪ್ ಬಿದ್ದರೆ ಖರ್ಚು ಸೇರಿ 245 ಹೋಗುತ್ತದೆ. ಸ್ಟಾಪ್ 406.50ಕ್ಕೆ ಬಿದ್ದರೆ 268ರ ಹತ್ತಿರ.

ಈ ಲೆಕ್ಕದಲ್ಲಿ ಒಂದು ಬಲೆಯಿದೆ. ಸ್ಟಾಪನ್ನು ಕೊಳ್ಳುವ ಬೆಲೆಗಿಂತ ಒಂದೇ ರೂಪಾಯಿ ಕೆಳಗಿಟ್ಟರೆ 230 ಷೇರು ಬರುತ್ತವೆ, ಬೆಲೆ 94,760 ರೂಪಾಯಿ! ಖಾತೆಯ ಹಣಕ್ಕಿಂತ ಹೆಚ್ಚು ಕೊಳ್ಳಲು ಬ್ರೋಕರ್ ಕೊಡುವ ಮಾರ್ಜಿನ್ ಇರುವುದರಿಂದ ಆರ್ಡರ್ ಹೋಗಿಯೂ ಬಿಡುತ್ತದೆ. ಖರ್ಚು 20ರ ಬದಲು 80ರ ಸುತ್ತ ಆಗುತ್ತದೆ, ಜೊತೆಗೆ ಒಂದು ರೂಪಾಯಿ ಏರಿಳಿತ ಎರಡು ನಿಮಿಷದಲ್ಲಿ ಬರುವಂಥದ್ದು. ಅದಕ್ಕೇ ಒಂದು ಟ್ರೇಡಿನ ಒಟ್ಟು ಬೆಲೆ 25,000 ದಾಟಬಾರದು ಎಂಬ ಸಾಲೂ ಇದೆ.

ಎಕ್ಸಿಟ್ ವಿಷಯಕ್ಕೆ ಬಂದರೆ, ಕೊಂಡ ಕೂಡಲೇ 407ರ ಟ್ರಿಗರ್ ಇಟ್ಟು SL-M ಮಾರಾಟದ ಆರ್ಡರ್ ಹಾಕುತ್ತೇನೆ, ಬೆಲೆ 407 ಮುಟ್ಟಿದರೆ ಅದು ಆಗ ಸಿಗುವ ಬೆಲೆಗೇ ಮಾರಿಬಿಡುತ್ತದೆ. ಬರೀ SL ಆರ್ಡರಿನಲ್ಲಿ ಬೆಲೆ ನೀವು ಬರೆದ ಕನಿಷ್ಠ ಮಾರಾಟದ ಬೆಲೆ, ಅಂದರೆ ಲಿಮಿಟ್, ಹಾರಿ ಕೆಳಗಿಳಿದರೆ ಮಾರಾಟವೇ ಆಗದೆ ಉಳಿಯಬಹುದು. 45ರಲ್ಲಿ 30 ಮಾತ್ರ ಸಿಕ್ಕಿದ್ದರೆ ಉಳಿದ 15ನ್ನು ರದ್ದು ಮಾಡಿ, ಸ್ಟಾಪ್ ಕೂಡ 30ಕ್ಕೇ ಹಾಕಬೇಕು. ಈ ಆರ್ಡರ್ ಎಕ್ಸ್‌ಚೇಂಜಿನಲ್ಲೇ ಕೂತಿರುತ್ತದೆ. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ವೈಫೈ ನಿಂತರೂ ಅದು ಕೆಲಸ ಮಾಡುತ್ತದೆ. ಮನಸ್ಸಿನಲ್ಲಿಟ್ಟ ಸ್ಟಾಪ್ ಹಾಗೆ ಕೆಲಸ ಮಾಡುವುದಿಲ್ಲ.

ಗುರಿ 422, ಅಂದರೆ ಅಪಾಯದ ಎರಡರಷ್ಟು. ಅಲ್ಲಿಗೆ ಬಂದಾಗ ಹೊಸ ಮಾರಾಟದ ಆರ್ಡರ್ ಹಾಕುವ ಬದಲು ಇರುವ ಸ್ಟಾಪ್ ಆರ್ಡರನ್ನೇ ತಿದ್ದಿ ಲಿಮಿಟ್ ಮಾಡುತ್ತೇನೆ. ಎರಡೂ ಇದ್ದು ಒಂದು ಪೂರ್ತಿಯಾದರೆ, ಮರೆತ ಇನ್ನೊಂದು ಆಮೇಲೆ ಟ್ರಿಗರ್ ಆಗಿ ಕೈಯಲ್ಲಿಲ್ಲದ ಷೇರನ್ನು ಮಾರಿಬಿಡುತ್ತದೆ, ಗೊತ್ತಿಲ್ಲದೆ ಶಾರ್ಟ್ ಆಗಿ ಕೂತಿರುತ್ತೀರಿ. ಪೊಸಿಷನ್ ಪುಟದಲ್ಲಿ ಸಂಖ್ಯೆಗೆ ಮೊದಲು ಮೈನಸ್ ಕಂಡರೆ ಇದೇ ಆಗಿದೆ ಎಂದರ್ಥ. ಸ್ಟಾಪೂ ಗುರಿಯೂ ಬರದಿದ್ದರೆ 3 ಗಂಟೆಗೆ ನಾನೇ ಹೊರಬರುತ್ತೇನೆ. ಬ್ರೋಕರ್ ತಾನೇ ಮುಚ್ಚುವವರೆಗೆ ಬಿಟ್ಟರೆ ಬೆಲೆ ನಮ್ಮ ಕೈಲಿರುವುದಿಲ್ಲ, ಹಲವು ಕಡೆ ಅದಕ್ಕೆ ಬೇರೆ ಶುಲ್ಕವೂ ಇದೆ.

ದಿನದ ಮಿತಿ ಮುಗಿದಾಗ ಮೊದಲು ಬಾಕಿ ಆರ್ಡರ್ ರದ್ದು ಮಾಡಿ, ಪೊಸಿಷನ್ ಸೊನ್ನೆ ಇದೆಯೇ ನೋಡಿ, ಆಮೇಲೆ ಆ್ಯಪಿನಲ್ಲಿ ಹೊಸ ಟ್ರೇಡ್ ತಡೆಯುವ ಕಿಲ್ ಸ್ವಿಚ್ ಇದ್ದರೆ ಒತ್ತುತ್ತೇನೆ. ಹಾಳೆಯ ಕೆಳಗೆ ತಾರೀಖು ಮತ್ತು ಫೋನಿನಲ್ಲಿ ಆರ್ಡರ್ ಕೊಡಲು ಬ್ರೋಕರಿನ ನಂಬರ್ ಇದೆ. ನಿಯಮ ತಿದ್ದುವುದು ಮಾರುಕಟ್ಟೆ ಮುಚ್ಚಿರುವ ಶನಿವಾರ, ಬ್ರೋಕರ್ ಕಳಿಸುವ ವಹಿವಾಟಿನ ಲೆಕ್ಕ, ಅಂದರೆ ವಾರದ ಕಾಂಟ್ರ್ಯಾಕ್ಟ್ ನೋಟುಗಳನ್ನು ಎದುರಿಗಿಟ್ಟುಕೊಂಡು ಮಾತ್ರ.