ಹಿರಿಯರಿಗೆ ನ್ಯುಮೋನಿಯಾ: ಮನೆಯಲ್ಲೇ ಔಷಧವೋ, ಆಸ್ಪತ್ರೆಯೋ?

"ಡಾಕ್ಟ್ರೇ, ಅಮ್ಮನಿಗೆ ಜ್ವರ ಇಲ್ಲ, ಕೆಮ್ಮೂ ಅಷ್ಟಿಲ್ಲ. ಆದ್ರೆ ಎರಡು ದಿನದಿಂದ ಊಟ ಬೇಡ ಅಂತಾರೆ. ನಿನ್ನೆ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದುಬಿಟ್ರು."

78 ವರ್ಷದ ತಾಯಿಯನ್ನು ಕರೆತಂದ ಮಗಳು ಹೇಳಿದ್ದು ಇಷ್ಟೇ. ಬಿದ್ದ ಪೆಟ್ಟು ತೋರಿಸಲು ಬಂದವರ ಎಕ್ಸ್‌ರೇ ತೆಗೆಸಿದಾಗ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬಿಳಿ ಮಚ್ಚೆ ಕಂಡಿತು. ನ್ಯುಮೋನಿಯಾ. ವಯಸ್ಸಾದವರಲ್ಲಿ ಅದು ಹೀಗೆ ಸದ್ದಿಲ್ಲದೆ ಬರುವುದು ಅಪರೂಪವಲ್ಲ. ಜ್ವರ ಏರದೇ ಇರಬಹುದು, ಕಫ ಬಾರದೇ ಇರಬಹುದು. ಊಟ ಸೇರದಿರುವುದು, ಬೀಳುವುದು, ಮಾತು ತಪ್ಪುವುದು ಮೊದಲು ಕಾಣುತ್ತವೆ. ಅವುಗಳ ಜೊತೆಗೆ ಉಸಿರಾಟ ವೇಗವಾಗಿರುತ್ತದೆ, ಆದರೆ ಅದನ್ನು ಯಾರೂ ಎಣಿಸಿರುವುದಿಲ್ಲ.

ಮೊದಲು ಉಸಿರು ಎಣಿಸಿ

ಇದಕ್ಕೆ ಯಂತ್ರ ಬೇಕಿಲ್ಲ, ಸೆಕೆಂಡು ಮುಳ್ಳಿನ ಗಡಿಯಾರ ಸಾಕು. ಹಿರಿಯರು ಐದು ನಿಮಿಷ ಸುಮ್ಮನೆ ಕೂತಿರಲಿ. ಎಣಿಸುತ್ತಿದ್ದೇವೆ ಎಂದು ಹೇಳಬೇಡಿ. ಹೇಳಿದರೆ ಉಸಿರಾಟ ತಾನಾಗಿಯೇ ಬದಲಾಗುತ್ತದೆ. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದು, ಎದೆ ಅಥವಾ ಹೊಟ್ಟೆ ಒಮ್ಮೆ ಏರಿ ಇಳಿದದ್ದನ್ನು ಒಂದು ಎಂದು ಲೆಕ್ಕ ಹಾಕಿ. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ, ಒಂದು ಉಸಿರು ತಪ್ಪಿದರೂ ಲೆಕ್ಕದಲ್ಲಿ ನಾಲ್ಕು ತಪ್ಪುತ್ತದೆ.

ನಿಮಿಷಕ್ಕೆ 20ರ ಒಳಗಿದ್ದರೆ ನಿರಾಳ. 25 ದಾಟಿದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು. 30 ಮುಟ್ಟಿದರೆ ತಡ ಮಾಡುವಂತಿಲ್ಲ.

ಐದು ಪ್ರಶ್ನೆಗಳ ಲೆಕ್ಕ

ವೈದ್ಯರು ಮನೆಯೋ ಆಸ್ಪತ್ರೆಯೋ ಎಂದು ತೀರ್ಮಾನಿಸುವಾಗ ಕರ್ಬ್-65 ಎಂಬ ಅಂಕಪಟ್ಟಿಯ ನೆರವು ಪಡೆಯುತ್ತಾರೆ. ಹೊಸದಾಗಿ ಗೊಂದಲ ಶುರುವಾಗಿದೆಯೇ? ರಕ್ತದಲ್ಲಿ ಯೂರಿಯಾ ಡೆಸಿಲೀಟರಿಗೆ 42 ಮಿಲಿಗ್ರಾಂ ದಾಟಿದೆಯೇ? ಉಸಿರಾಟ 30 ಅಥವಾ ಹೆಚ್ಚೇ? ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆಯೇ, ಇಲ್ಲವೇ ಕೆಳಗಿನದು 60 ಅಥವಾ ಅದಕ್ಕೂ ಕಡಿಮೆಯೇ? ವಯಸ್ಸು 65 ಆಗಿದೆಯೇ? ಒಂದೊಂದು ಹೌದಿಗೂ ಒಂದು ಅಂಕ. ಸೊನ್ನೆ ಅಥವಾ ಒಂದು ಬಂದರೆ ಸಾಮಾನ್ಯವಾಗಿ ಮನೆ, ಎರಡಾದರೆ ಆಸ್ಪತ್ರೆಯ ಯೋಚನೆ, ಮೂರು ಅಥವಾ ಹೆಚ್ಚಾದರೆ ದಾಖಲು.

ಈ ಅಜ್ಜಿಗೆ ಉಸಿರಾಟ 26, ಬಿಪಿ 124/70, ಯೂರಿಯಾ 36. ಮಾತು ಸ್ಪಷ್ಟವಾಗಿತ್ತು. ವಯಸ್ಸಿನ ಒಂದು ಅಂಕ ಮಾತ್ರ ಬಂತು.

ಆದರೆ ಈ ಪಟ್ಟಿ ಕೇಳದೇ ಬಿಡುವ ಸಂಗತಿಗಳಿವೆ, ನನ್ನ ಮಟ್ಟಿಗೆ ಅವೂ ಅಷ್ಟೇ ಮುಖ್ಯ. ಆಕ್ಸಿಜನ್ ಎಷ್ಟಿದೆ ಎಂದು ಅದು ಕೇಳುವುದಿಲ್ಲ. ಮಾತ್ರೆ ನುಂಗಿ ನೀರು ಕುಡಿಯಲು ಆಗುತ್ತದೆಯೇ, ರಾತ್ರಿ ಎರಡು ಗಂಟೆಗೆ ಎದ್ದು ನೋಡುವವರು ಮನೆಯಲ್ಲಿದ್ದಾರೆಯೇ ಎಂಬುದನ್ನೂ ಕೇಳುವುದಿಲ್ಲ. ಒಂಟಿಯಾಗಿರುವ, ವಾಂತಿ ಮಾಡುತ್ತಿರುವ ಹಿರಿಯರಿಗೆ ಅಂಕ ಒಂದೇ ಬಂದರೂ ನಾನು ಮನೆಗೆ ಕಳಿಸುವುದಿಲ್ಲ. ಇವರ ಆಕ್ಸಿಜನ್ 94 ಇತ್ತು, ನುಂಗಲು ತೊಂದರೆ ಇರಲಿಲ್ಲ, ಮಗಳು ಪಕ್ಕದಲ್ಲೇ ಮಲಗುತ್ತೇನೆ ಎಂದರು. ಮನೆಗೆ ಕಳಿಸಿದೆ.

ಕಳಿಸಲು ಇನ್ನೊಂದು ಕಾರಣವೂ ಇದೆ. ಆಸ್ಪತ್ರೆಯ ಹಾಸಿಗೆ ವಯಸ್ಸಾದವರ ಮೈಗೆ ಹಗುರವಲ್ಲ. ಹೊಸ ಜಾಗ, ಕೆಟ್ಟ ನಿದ್ದೆ, ಮಲಗಿಯೇ ಕಳೆಯುವ ದಿನಗಳು ಸೇರಿ ಗೊಂದಲ ತರುತ್ತವೆ, ಕಾಲಿನ ಶಕ್ತಿ ಕಸಿಯುತ್ತವೆ. ಅಗತ್ಯವಿಲ್ಲದೆ ದಾಖಲಾದರೆ ನಷ್ಟವೇ ಹೆಚ್ಚು.

ಮನೆಯಲ್ಲಿ ಮೊದಲ ಮೂರು ದಿನ

ಆಂಟಿಬಯೋಟಿಕ್ ಮೊದಲ ಡೋಸನ್ನು ರಾತ್ರಿ ಊಟದವರೆಗೆ ಕಾಯಿಸದೆ ಆಗಲೇ ಕೊಡಬೇಕು. ಪೆನ್ಸಿಲಿನ್‌ನಿಂದ ಹಿಂದೆ ಮೈಮೇಲೆ ಗಂಧೆ ಎದ್ದಿದ್ದರೆ ಮೊದಲೇ ಹೇಳಿ. ಬಿಪಿ, ಸಕ್ಕರೆ, ಮೂತ್ರ ಹೋಗಿಸುವ ಮಾತ್ರೆಗಳ ಚೀಟಿಯನ್ನೂ ತೋರಿಸಿ. ಊಟ, ನೀರು ಕಡಿಮೆಯಾದಾಗ ಅವುಗಳಲ್ಲಿ ಕೆಲವನ್ನು ಎರಡು ಮೂರು ದಿನ ತಡೆಹಿಡಿಯಬೇಕಾಗಬಹುದು. ಆದರೆ ಅದನ್ನು ವೈದ್ಯರೇ ಹೇಳಬೇಕು. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೊಡಲೇಬೇಡಿ. ಅವು ಕೆಮ್ಮನ್ನೂ ಉಸಿರನ್ನೂ ಒಟ್ಟಿಗೆ ಮಂದ ಮಾಡುತ್ತವೆ, ಆಗ ಕಫ ಒಳಗೇ ಉಳಿಯುತ್ತದೆ. ಉಣ್ಣುವಾಗ, ಕುಡಿಯುವಾಗ ನೆಟ್ಟಗೆ ಕೂರಿಸಿ. ಮಲಗಿದ್ದಾಗ ಬಾಯಿಗೆ ಹಾಕಿದ್ದು ಶ್ವಾಸನಾಳಕ್ಕೆ ಇಳಿಯಬಹುದು.

ಮಗಳಿಗೆ ಒಂದು ಹಾಳೆಯ ಮೇಲೆ ಗೆರೆ ಎಳೆದುಕೊಟ್ಟೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ: ಉಸಿರು, ಆಕ್ಸಿಜನ್, ನಾಡಿ, ಎಷ್ಟು ಲೋಟ ಕುಡಿದರು, ಮೂತ್ರ ಹೋಯಿತೇ, ಮಾತು ಸರಿಯಿದೆಯೇ. ಆಕ್ಸಿಮೀಟರ್ ಹಾಕುವ ಬೆರಳು ಬೆಚ್ಚಗಿರಬೇಕು, ಉಗುರಿಗೆ ಬಣ್ಣ ಇರಬಾರದು, ಅಂಕಿ ನಿಲ್ಲುವವರೆಗೆ ಒಂದು ನಿಮಿಷ ಕಾಯಬೇಕು. ಕಪ್ಪು ಮೈಬಣ್ಣದವರಲ್ಲಿ ಅದು ನಿಜಕ್ಕಿಂತ ಒಂದೆರಡು ಅಂಕ ಹೆಚ್ಚು ತೋರಿಸುವುದುಂಟು. ಹಾಗಾಗಿ 92ಕ್ಕೆ ಇಳಿದಾಗಲೇ ಫೋನ್ ಮಾಡಿ ಎಂದೆ.

ಮೊದಲ ರಾತ್ರಿ ಉಸಿರು 26. ಮರುದಿನ ಬೆಳಿಗ್ಗೆ 24, ಮಧ್ಯಾಹ್ನವೂ 24. ಮನೆಯವರಿಗೆ ಜೀವ ಬಂದಂತಾಯಿತು. ಸಂಜೆ 28. ರಾತ್ರಿ ಹತ್ತಕ್ಕೆ 32, ಆಕ್ಸಿಜನ್ 89. ಎಂಟು ವರ್ಷದ ಹಿಂದೆ ತೀರಿಕೊಂಡ ಗಂಡನನ್ನು ನೆನೆದು, "ಅಪ್ಪ ಬಂದ್ರಾ?" ಎಂದು ಮಗಳನ್ನು ಕೇಳಿದರಂತೆ. ವಯಸ್ಸು, ಉಸಿರು, ಗೊಂದಲ ಸೇರಿ ಈಗ ಅಂಕ ಮೂರು. ನಲವತ್ತು ನಿಮಿಷದಲ್ಲಿ ಅವರು ಆಸ್ಪತ್ರೆಯಲ್ಲಿದ್ದರು.

ಮೊದಲ ದಿನ ಮನೆಗೆ ಕಳಿಸಿದ್ದು ತಪ್ಪೇ ಎಂದು ಮಗಳು ಆಮೇಲೆ ಕೇಳಿದರು. ಆ ದಿನದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಆ ಹೊತ್ತಿನ ಲೆಕ್ಕ. ಆಂಟಿಬಯೋಟಿಕ್ ಹಿಡಿಯಿತೋ ಇಲ್ಲವೋ ತಿಳಿಯಲು 48ರಿಂದ 72 ಗಂಟೆ ಬೇಕು. ಅಲ್ಲಿಯವರೆಗೆ ದಿನಕ್ಕೆ ನಾಲ್ಕು ಸಲ ಅದೇ ತೀರ್ಮಾನವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಸಿಲಿಂಡರ್ ಮನೆಗೇ ತಂದರೆ?

ಇದನ್ನು ಅನೇಕರು ಕೇಳುತ್ತಾರೆ. ಆಕ್ಸಿಜನ್ ಕೊಟ್ಟರೆ ಅಂಕಿ ಮೇಲೇರುತ್ತದೆ, ಸೋಂಕು ಇದ್ದಲ್ಲೇ ಇರುತ್ತದೆ. ಬಿಪಿ ಇಳಿಯುವುದು, ಮೂತ್ರಪಿಂಡ ಸೋಲುವುದು ಆ ಅಂಕಿಯಲ್ಲಿ ಕಾಣದು. ಹಳೆಯ ಧೂಮಪಾನಿಗಳಂಥ ಕೆಲವು ಶ್ವಾಸಕೋಶದ ರೋಗಿಗಳಿಗೆ 88ರಿಂದ 92ರ ನಡುವೆ ಇರಿಸುವುದೇ ಗುರಿ. ಹೆಚ್ಚು ಆಕ್ಸಿಜನ್ ಕೊಟ್ಟರೆ ಅವರಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ.

ಆಸ್ಪತ್ರೆಯಿಂದ ವಾಪಸ್

ದಾಖಲಾಗುವಾಗ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಜೊತೆಗಿರಲಿ. ಕಾಣದೆ, ಕೇಳಿಸದೆ ಇದ್ದರೆ ಗೊಂದಲ ಇನ್ನೂ ಹೆಚ್ಚುತ್ತದೆ. ವೈದ್ಯರು ಒಪ್ಪಿದ ಕೂಡಲೇ ಕುರ್ಚಿಯಲ್ಲಿ ಕೂರಿಸಿ.

ಈ ಅಜ್ಜಿಗೆ ಆಕ್ಸಿಜನ್ ಮತ್ತು ನರದ ಮೂಲಕ ಔಷಧ ಕೊಟ್ಟ ಮೇಲೆ ಎರಡನೇ ದಿನ ಉಸಿರು ಇಳಿಯಿತು, ಮೂರನೇ ದಿನ ಮಾತ್ರೆಗೆ ಬದಲಾಯಿಸಿದರು. ಮನೆಗೆ ಕಳಿಸುವ ಮುನ್ನ ನೋಡಿದ್ದು: ಜ್ವರ 100 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ನಾಡಿ 100 ದಾಟಿಲ್ಲ, ಉಸಿರು 24 ದಾಟಿಲ್ಲ, ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕಡಿಮೆಯಿಲ್ಲ, ಹೊರಗಿನ ಆಕ್ಸಿಜನ್ ಇಲ್ಲದೆಯೂ 90ಕ್ಕಿಂತ ಕಡಿಮೆಯಿಲ್ಲ, ತಾವೇ ಉಣ್ಣುತ್ತಾರೆ, ಬುದ್ಧಿ ಮೊದಲಿನಂತಿದೆ. ಇವುಗಳಲ್ಲಿ ಎರಡು ಮೂರು ಬಾಕಿ ಇರುವಾಗಲೇ ಹೊರಟರೆ ಮತ್ತೆ ದಾಖಲಾಗುವ ಸಂಭವ ಹೆಚ್ಚು. ಐದನೇ ದಿನ ಎಲ್ಲವೂ ಸರಿಯಾಗಿದ್ದವು.

ಕೆಮ್ಮು, ಏದುಸಿರು ತಗ್ಗಲು ಸುಮಾರು ಆರು ವಾರ ಬೇಕಾಗುತ್ತದೆ, ಸುಸ್ತು ಮೂರು ತಿಂಗಳವರೆಗೂ ಇರಬಹುದು. ಎಕ್ಸ್‌ರೇ ಅಂತೂ ಆಳಿಗಿಂತ ತಡವಾಗಿ ಸುಧಾರಿಸುತ್ತದೆ. ಹಾಗಾಗಿ ವಾರದಲ್ಲೇ ಮತ್ತೆ ತೆಗೆಸಿ ಗಾಬರಿಯಾಗಬೇಡಿ. ಧೂಮಪಾನಿಗಳು ಮತ್ತು ತೊಂದರೆ ಉಳಿದವರು ಆರು ವಾರದ ನಂತರ ತೆಗೆಸಿದರೆ, ಮಚ್ಚೆಯ ಹಿಂದೆ ಗಡ್ಡೆ ಅಡಗಿದೆಯೇ ಎಂಬುದೂ ತಿಳಿಯುತ್ತದೆ. ಕೆಮ್ಮು ಉಳಿದಿದ್ದರಿಂದ ಅಜ್ಜಿಯ ಎಕ್ಸ್‌ರೇಯನ್ನೂ ಏಳನೇ ವಾರ ತೆಗೆಸಿದೆವು. ಮಚ್ಚೆ ಹೋಗಿತ್ತು. ಮೆಟ್ಟಿಲು ಹತ್ತುವಾಗ ಮಾತ್ರ ಅರ್ಧದಲ್ಲಿ ಒಮ್ಮೆ ನಿಲ್ಲುತ್ತಾರೆ, ಮಗಳು ಆಗ ಈಗಲೂ ಗಡಿಯಾರ ನೋಡಿ ಉಸಿರು ಎಣಿಸುತ್ತಾರೆ.